ಎಲ್ಲರಿಗೂ ಒಂದೇ ಮೇಲ್

ಗೋಣಿಚೀಲಕ್ಕೆ ನಾಲ್ಕೈದು ಕಡೆ ರೇಟು ಕೇಳಿ ಮೇಲ್ ಕಳಿಸೋಣ ಎಂದು ಬೋರ್ಡಿನ ಸಭೆಯಲ್ಲಿ ಮೊದಲು ಬಾಯಿ ಬಿಟ್ಟವಳು ನಾನೇ. ಯಾರೂ ನನ್ನನ್ನು ಒತ್ತಾಯ ಮಾಡಿರಲಿಲ್ಲ. ಇವತ್ತಿಗೂ ಆ ಸಭೆ ನೆನಪಾದರೆ ನನ್ನ ಬಾಯಿಗೆ ನಾನೇ ಎರಡು ಬಡಿಯಬೇಕು ಅನ್ನಿಸುತ್ತದೆ. ಆದರೆ ಹೇಳಿದ್ದು ತಪ್ಪಾಗಿತ್ತಾ ಎಂದು ಕೇಳಿದರೆ, ತಪ್ಪಾಗಿರಲಿಲ್ಲ. ಅದೇ ತಾನೆ ಸಂಕಟ!

ನಮ್ಮದು ರೈತರೇ ಸೇರಿ ಕಟ್ಟಿಕೊಂಡ ಕಂಪನಿ. ಕಾಟ್ಟಿಕುಳಂ ಪೇಟೆಯಲ್ಲಿ, ಬಾವಲಿ ಕಡೆಗೆ ಹೋಗುವ ಬಸ್ಸು ನಿಲ್ಲುವ ಜಾಗದ ಹಿಂದೆ, ಕೆಳಗೆ ಗೋಡೌನು, ಮೇಲೆ ಕಚೇರಿ. ಸುತ್ತಲಿನ ಸದಸ್ಯರ ಕಾಫಿ, ಕಾಳುಮೆಣಸು ಕೊಂಡು, ಒಣಗಿಸಿ, ವಿಂಗಡಿಸಿ ದೊಡ್ಡ ವ್ಯಾಪಾರಿಗಳಿಗೆ ಕಳಿಸುವುದು ಕೆಲಸ. ಕಚೇರಿ ನೋಡಿಕೊಳ್ಳುತ್ತಿದ್ದವಳು ನಾನು. ವಯನಾಡು ಜಿಲ್ಲೆ ಅಂತ ಹೊಸದಾಗಿ ಆದ ವರ್ಷವೇ ನಾನು ಹುಟ್ಟಿದ್ದಂತೆ. 'ಜಿಲ್ಲೆಗೆ ವಯಸ್ಸಾದ್ರೂ ನಿಂಗೆ ಬುದ್ಧಿ ಬರಲಿಲ್ಲ' ಎಂದು ಅಮ್ಮ ಬೈಯುತ್ತಿದ್ದರು. ನಾವು ತಲೆತಲಾಂತರದ ಹಿಂದೆ ಕನ್ನಡ ಸೀಮೆಯಿಂದ ಬಂದು ಇಲ್ಲೇ ಬೇಸಾಯ ಹಿಡಿದ ಜೈನರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ, ಕಚೇರಿಯಲ್ಲಿ ಮಲಯಾಳ. ನಾನು ಮದುವೆಯಾಗಿ ವೆಳ್ಳಮುಂಡಕ್ಕೆ ಹೋದೆ. ನನ್ನ ಅಕ್ಕ ಬಾವಲಿ ರಸ್ತೆಯಲ್ಲೇ ಉಳಿದಳು.

ಅಕ್ಕನ ಗಂಡನಿಗೆ, ನನ್ನ ಭಾವನಿಗೆ, ಕಾಟ್ಟಿಕುಳಂನಲ್ಲಿ ಗೋಣಿಚೀಲದ ಅಂಗಡಿ. ಹೊಸ ಚೀಲ, ಹಳೆ ಚೀಲ, ಸುತ್ಲಿ, ದಬ್ಬಣ, ಟಾರ್ಪಾಲು. ಅಂಗಡಿಯೊಳಗೆ ಕಾಲಿಟ್ಟರೆ ಸೆಣಬಿನ ಧೂಳಿಗೆ ಸೀನು ಬರುತ್ತಿತ್ತು. ನಾನು ಚಿಕ್ಕವಳಿದ್ದಾಗ ಆ ಚೀಲದ ಅಟ್ಟಿಯ ಮೇಲೆ ಮಲಗಿ ನಿದ್ದೆ ಹೋಗುತ್ತಿದ್ದೆ. ಅಪ್ಪ ಬೇಗ ತೀರಿಹೋಗಿದ್ದರಿಂದ ನನ್ನನ್ನು ಓದಿಸಿದ್ದು, ಮಾನಂದವಾಡಿಯ ಕಾಲೇಜಿಗೆ ಸೇರಿಸಿದ್ದು, ಕಂಪ್ಯೂಟರ್ ಕ್ಲಾಸಿಗೆ ಕಳಿಸಿದ್ದು ಎಲ್ಲ ಭಾವನೇ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ಮೂರು ಮಕ್ಕಳ ತಾಯಿಯಾದ ಮೇಲೂ ನಾನು ಅವರಿಗೆ 'ಕೂಸೇ'.

ಕಂಪನಿ ಶುರುವಾದಾಗಿನಿಂದ ಚೀಲ ಬರುತ್ತಿದ್ದದ್ದು ಭಾವನ ಅಂಗಡಿಯಿಂದ. ಸುಗ್ಗಿಗೆ ಮೊದಲು ನಾನು ಫೋನ್ ಮಾಡಿ 'ಭಾವ, ಈ ಸಲ ಇಷ್ಟು ಬೇಕು' ಅನ್ನುತ್ತಿದ್ದೆ. ಅವರು ರೇಟು ಹೇಳುತ್ತಿದ್ದರು. ನಾನು ಸ್ವಲ್ಪ ಜಗ್ಗುತ್ತಿದ್ದೆ. ಅವರು 'ನಿನ್ನ ಬಾಯಿಗೆ ಸಾವಿರ ಗೋಣಿ ಬೇಕು ಮುಚ್ಚೋಕೆ' ಎಂದು ನಗುತ್ತ ಸ್ವಲ್ಪ ಇಳಿಸುತ್ತಿದ್ದರು. ಚೀಲ ಬರುತ್ತಿತ್ತು. ಒಂದು ಸಲವೂ ದೂರು ಬರಲಿಲ್ಲ.

ಆದರೆ ಕಂಪನಿ ಬೆಳೆಯಿತು. ಸದಸ್ಯರು ಹೆಚ್ಚಾದರು, ಚೀಲವೂ ಹೆಚ್ಚು ಬೇಕಾಯಿತು. ಆ ವರ್ಷ ಲೆಕ್ಕ ತಪಾಸಣೆಗೆ ಬಂದವರು ನನ್ನ ಮೇಜಿನ ಮುಂದೆ ಕೂತು, 'ಇಷ್ಟು ದೊಡ್ಡ ಖರೀದಿ, ಬೇರೆಯವರ ಕೊಟೇಶನ್ ಎಲ್ಲಿ?' ಎಂದು ಕೇಳಿದರು. ಇರಲಿಲ್ಲ, ಎಲ್ಲಿಂದ ತೋರಿಸಲಿ? ಅದಾದ ಮೇಲೆ ಗುಸುಗುಸು ಶುರುವಾಯಿತು. ಮೆಣಸು ಬೆಳೆಯುವ ಒಬ್ಬ ನಿರ್ದೇಶಕರು, ಬಾಯಲ್ಲಿ ಬೆಲ್ಲ ಹೊಟ್ಟೆಯಲ್ಲಿ ಬೇರೆ ಏನೋ ಇಟ್ಟುಕೊಳ್ಳುವ ಮನುಷ್ಯ, ಚಹಾದ ಅಂಗಡಿಯಲ್ಲಿ, 'ಗೋಣಿಚಾಕ್ಕಿನ ವ್ಯಾಪಾರ ಮನೆಯೊಳಗೇ ನಡೀತಿದೆಯಲ್ಲ, ಒಳ್ಳೇದು' ಎಂದರಂತೆ. ಅದು ನನ್ನ ಕಿವಿಗೆ ಬಿತ್ತು. ಮೈಯೆಲ್ಲ ಉರಿದುಹೋಯಿತು. ಆ ರಾತ್ರಿ ಗಂಡನ ಎದುರು ಕೂಗಾಡಿದೆ. ಮಾರನೆಯ ದಿನದ ಸಭೆಯಲ್ಲಿ ಎದ್ದು ನಿಂತು ಹೇಳಿಯೇ ಬಿಟ್ಟೆ: 'ನನ್ನ ಭಾವನೂ ಸೇರಿ ಎಲ್ಲರಿಗೂ ಒಂದೇ ಮೇಲ್ ಕಳಿಸೋಣ. ಒಂದೇ ಚೀಲ, ಒಂದೇ ಷರತ್ತು, ಒಂದೇ ಗಡುವು. ಯಾರದ್ದು ಸರಿ ಬರುತ್ತದೋ ಅವರಿಗೆ ಕೊಡಿ.'

ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ. ಭಾವನಷ್ಟು ಸರಿಯಾದ ರೇಟು ಯಾರೂ ಕೊಡುವುದಿಲ್ಲ, ಅದು ನನಗೆ ಗೊತ್ತು. ಎಲ್ಲರ ಎದುರು, ಕಾಗದದ ಮೇಲೆ, ಅವರೇ ಗೆದ್ದು ಬರಲಿ. ಆಮೇಲೆ ಚಹಾದ ಅಂಗಡಿಯ ಬಾಯಿಗಳು ಮುಚ್ಚುತ್ತವೆ. ಭಾವನ ಅಂಗಡಿಗೂ ಕಂಪನಿಯ ವ್ಯಾಪಾರ ಹೋದರೆ ಉಳಿಯುವುದು ಅಷ್ಟಕ್ಕಷ್ಟೇ. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಬಿಡಿ ಗಿರಾಕಿ ಎಲ್ಲಿದ್ದಾರೆ? ಹೀಗೆ ಅವರ ಅಂಗಡಿಯನ್ನು ಉಳಿಸಲಿಕ್ಕೇ ನಾನು ಈ ದಾರಿ ಹಿಡಿದದ್ದು.

ಅಧ್ಯಕ್ಷರು ಮೇಷ್ಟರಾಗಿದ್ದು ನಿವೃತ್ತಿಯಾದ ಮಲಯಾಳಿ. ಕಾಫಿ ತೋಟ ಇದೆ, ಮಾತು ಕಡಿಮೆ. ಅವರು ಯೋಚನೆ ಮಾಡಿ, 'ಶರಿ. ಆದರೆ ಉತ್ತರಗಳು ನಿನ್ನ ಮೇಲ್‌ಗೆ ಬರುವುದು ಬೇಡ. ಬೇರೆ ವಿಳಾಸ ಮಾಡೋಣ. ಅದರ ಪಾಸ್‌ವರ್ಡ್ ನನ್ನ ಹತ್ತಿರ ಇರಲಿ. ಗಡುವು ಮುಗಿದ ಮೇಲೆ ಎಲ್ಲರೂ ಕೂತು ಒಟ್ಟಿಗೆ ತೆಗೆಯೋಣ' ಎಂದರು. ನನಗೆ ಅದೂ ಖುಷಿಯೇ. ಯಾರೂ ನನ್ನ ಕಡೆ ಬೆರಳು ತೋರಿಸುವ ಹಾಗಿಲ್ಲ.

ಮೇಲ್ ಬರೆಯಲು ನಾನು ಪಟ್ಟ ಪಾಡು! ಬರೀ 'ಗೋಣಿಚೀಲಕ್ಕೆ ರೇಟು ತಿಳಿಸಿ' ಎಂದರೆ ಒಬ್ಬ ತೆಳು ಚೀಲಕ್ಕೆ ಹೇಳುತ್ತಾನೆ, ಇನ್ನೊಬ್ಬ ದಪ್ಪ ಚೀಲಕ್ಕೆ ಹೇಳುತ್ತಾನೆ. ಒಬ್ಬ ಲಾರಿ ಬಾಡಿಗೆ ಸೇರಿಸುತ್ತಾನೆ, ಇನ್ನೊಬ್ಬ ಬಿಡುತ್ತಾನೆ. ಆಮೇಲೆ ಯಾವುದನ್ನು ಯಾವುದರ ಪಕ್ಕ ಇಟ್ಟು ನೋಡುವುದು? ಅದಕ್ಕೇ ಒಂದೊಂದನ್ನೂ ಬಿಡಿಸಿ ಬರೆದೆ. ಚೀಲ ಹೊಸದಾಗಿರಬೇಕು. ಉದ್ದ, ಅಗಲ, ತೂಕ ಇಷ್ಟಿರಬೇಕು. ನೂಲಿಗೆ ಸೀಮೆಎಣ್ಣೆ ಜಾತಿಯ ಎಣ್ಣೆ ತಾಗಿರಬಾರದು, ತಿನ್ನುವ ಸಾಮಾನು ತುಂಬುವ ಚೀಲಕ್ಕೆ ಹಾಕುವ ಸಸ್ಯದ ಎಣ್ಣೆಯೇ ಆಗಿರಬೇಕು, ಇಲ್ಲದಿದ್ದರೆ ಕಾಫಿಗೆ ವಾಸನೆ ಹತ್ತುತ್ತದೆ. ಒಂದು ಬಣ್ಣದಲ್ಲಿ ಕಂಪನಿಯ ಗುರುತು ಅಚ್ಚು ಹಾಕಿರಬೇಕು. ಬೆಲೆ ಒಂದು ಚೀಲಕ್ಕೆ ಇಷ್ಟು ಎಂದು ಹೇಳಬೇಕು, ಒಂದು ಕಟ್ಟಿಗೆ ಇಷ್ಟು ಎಂದಲ್ಲ. ನಮ್ಮ ಗೋಡೌನಿಗೆ ತಲುಪಿಸುವ ಬಾಡಿಗೆ ಅದರಲ್ಲೇ ಸೇರಿರಬೇಕು, ತೆರಿಗೆ ಬೇರೆ ತೋರಿಸಬೇಕು. ಒಂದು ಮಾದರಿ ಚೀಲ ಅಂಚೆಯಲ್ಲಿ ಬರಬೇಕು. ಯಾವಾಗ ತಲುಪಿಸಬೇಕು, ನಾವು ಯಾವಾಗ ದುಡ್ಡು ಕೊಡುತ್ತೇವೆ, ಹೇಳಿದ ಬೆಲೆ ಎಷ್ಟು ದಿನ ನಿಲ್ಲಬೇಕು, ಎಲ್ಲ ಬರೆದೆ. ಪ್ರಶ್ನೆ ಇದ್ದರೆ ಮೇಲ್‌ನಲ್ಲೇ ಕೇಳಿ, ಉತ್ತರ ಎಲ್ಲರಿಗೂ ಕಳಿಸುತ್ತೇವೆ ಎಂದೂ ಬರೆದೆ. ಕೊನೆಗೆ, ಗಡುವಿನ ದಿನ ಬೆಳಿಗ್ಗೆ ಹನ್ನೊಂದು ಗಂಟೆಯ ನಂತರ ಬಂದ ಕೊಟೇಶನ್ ಪರಿಗಣಿಸುವುದಿಲ್ಲ. ಈ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿದೆ.

ಕೋಝಿಕ್ಕೋಡು, ಕೊಚ್ಚಿ, ಕೊಯಮತ್ತೂರು, ಮೈಸೂರು, ಮತ್ತೆ ಭಾವ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ ಕಳಿಸಿದೆ. ಎಲ್ಲರಿಗೂ ಮೇಲೆ 'ಮಾನ್ಯರೇ' ಎಂದೇ ಇತ್ತು. ಇಂಗ್ಲಿಷಿನಲ್ಲಿ.

ಆ ಭಾನುವಾರ ಅಕ್ಕನ ಮನೆಗೆ ಹೋದೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ, ಹಾಗಾಗಿ ನಾನು ಹೋದಾಗ ಅಕ್ಕ ಆಗಲೇ ತಟ್ಟೆ ಹಾಕುತ್ತಿದ್ದಳು. ಭಾವ ಫೋನ್ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

'ಬಾರೇ ಕೂಸೇ. ಇಂಗ್ಲೀಷಲ್ಲಿ ನಂಗೆ ಏನೋ ಬೈದು ಕಳ್ಸಿದ್ದೀಯಲ್ಲ. ಮಾನ್ಯರೇ ಅಂತೆ! ನಾನ್ಯಾವಾಗ ಮಾನ್ಯ ಆದೆ?'

'ಎಲ್ಲರಿಗೂ ಹಂಗೇ ಬರೆದಿದ್ದು ಭಾವ. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬರಿಯೋ ಹಾಗಿಲ್ಲ.'

ಅವರು ನಕ್ಕರು. ಅವರ ಅಪ್ಪ ದನದ ವ್ಯಾಪಾರ ಮಾಡುತ್ತಿದ್ದವರು. ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುವ ಕಾಲದವರು. ಸುಲಭವಾಗಿ ತಿಳಿಯಲಿ ಎಂದು ನಾನು ಹೇಳಿದೆ: 'ಇದೂ ಅದೇ ಥರ ಅನ್ಕೊಳ್ಳಿ. ಒಬ್ಬರ ಬೆಲೆ ಇನ್ನೊಬ್ಬರಿಗೆ ಗೊತ್ತಾಗಲ್ಲ. ಟವಲ್ ಮುಚ್ಚಿರ್ತೀವಿ.'

'ಟವಲ್ ಕೆಳಗಾದ್ರೆ ಕೈಗೆ ಕೈ ತಾಗ್ತಿತ್ತು ಕಣೇ. ಇದ್ರಲ್ಲಿ ಯಾರ ಕೈ ಇದೆ?' ಎಂದರು. ಆಮೇಲೆ ಗಂಭೀರವಾಗಿ ಕೇಳಿದರು. 'ಅಲ್ಲ, ಲಾರಿ ಬಾಡಿಗೆ ಸೇರಿಸು ಅಂದಿದ್ದೀಯ. ಸರಿ. ಇಳಿಸೋ ಕೂಲಿ? ಯೂನಿಯನ್ನವರಿಗೆ ಯಾರು ಕೊಡೋದು, ನಾನಾ, ನೀವಾ?'

ಅಯ್ಯೋ ಅನ್ನಿಸಿತು. ಅದನ್ನು ಬರೆಯಲು ನಾನು ಮರೆತಿದ್ದೆ. ಒಳ್ಳೆಯ ಪ್ರಶ್ನೆ. ಆದರೆ ಅಲ್ಲಿ ಕೂತು, ಚಪಾತಿ ಮುರಿಯುತ್ತ, ಅವರೊಬ್ಬರಿಗೇ ಉತ್ತರ ಹೇಳುವ ಹಾಗಿರಲಿಲ್ಲ. 'ಮೇಲ್ ಮಾಡಿ ಕೇಳಿ ಭಾವ. ಉತ್ತರ ಎಲ್ಲರಿಗೂ ಹೋಗುತ್ತೆ' ಎಂದೆ.

'ಎದುರಿಗೇ ಕೂತಿದ್ದೀಯಲ್ಲೇ!'

'ಎದುರಿಗೆ ಕೂತಿರೋಳು ನಿಮ್ಮ ನಾದಿನಿ. ಮೇಲ್ ಓದೋಳು ಬೇರೆ.'

ಅಕ್ಕ ನನ್ನ ಮುಖ ನೋಡಿದಳು. ಭಾವ ಮಾತ್ರ ತಮಾಷೆ ಬಿಡಲಿಲ್ಲ. 'ಸರಿ ತಾಯಿ. ಒಂದು ಕೆಲಸ ಮಾಡು. ಎಲ್ಲರೂ ಹೇಳ್ಲಿ. ಆಮೇಲೆ ನಂಗೊಂದು ಫೋನ್ ಹಾಕು. ನಂದು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ. ನಿಮ್ಮ ಕಂಪನಿಗೂ ಲಾಭ.'

ಇದು ಅವರ ಕಣ್ಣಿಗೆ ಮೋಸವೇ ಅಲ್ಲ. ನಮ್ಮ ಕಡೆಯ ವ್ಯಾಪಾರದ ರೀತಿಯೇ ಅದು. ಮೆಣಸಿಗಾಗಲಿ, ಮರಕ್ಕಾಗಲಿ, ಊರಿನವರೆಲ್ಲ ಬೆಲೆ ಕೂಗಿದ ಮೇಲೆ ಕಾಯಂ ವ್ಯಾಪಾರಿಯನ್ನು ಕೊನೆಗೆ ಕೇಳುತ್ತಾರೆ. ಕೊನೆಯ ಮಾತು ಅವನದ್ದು. ಅದು ಅವನಿಗೆ ಕೊಡುವ ಮರ್ಯಾದೆ. ನನಗೂ ಅದು ಗೊತ್ತಿತ್ತು. ಆದರೆ ಚಹಾದ ಅಂಗಡಿಯ ಮಾತು ನನ್ನ ತಲೆಯಲ್ಲಿ ಕುದಿಯುತ್ತಿತ್ತಲ್ಲ, ರೇಗಿಬಿಟ್ಟೆ.

'ಭಾವ, ಇನ್ನೊಂದು ಸಲ ಹಂಗೆ ಕೇಳಿದ್ರೆ ನಾನು ಈ ಮನೆ ಮೆಟ್ಟಿಲು ಹತ್ತಲ್ಲ. ನಿಮ್ಮಿಂದ ನಾನು ಎಂಥ ಮಾತು ಕೇಳಿದ್ದೀನಿ ಅಂತ ನಿಮಗೆ ಗೊತ್ತಾ? ಕಳಿಸೋದಾದ್ರೆ ಕಳಿಸಿ, ಇಲ್ಲಾಂದ್ರೆ ಬಿಡಿ. ಈ ವಿಷಯ ನನ್ನ ಹತ್ರ ಮಾತಾಡ್ಬೇಡಿ.'

ಭಾವನ ನಗು ಅಲ್ಲೇ ನಿಂತಿತು. 'ಯಾರೇನಂದ್ರು ನಿಂಗೆ?' ಎಂದು ಮೆಲ್ಲಗೆ ಕೇಳಿದರು. ನಾನು ಹೇಳಲಿಲ್ಲ. ಹೇಳಿದರೆ ಅವರಿಗೆ ನೋವಾಗುತ್ತದೆ ಎಂದುಕೊಂಡೆ. ಊಟ ಮುಗಿಸಿ, ಕೊನೆಯ ಬಸ್ಸು ಹಿಡಿದು ಬಂದೆ.

ಇಳಿಸುವ ಕೂಲಿಯ ಬಗ್ಗೆ ಭಾವ ಮೇಲ್ ಮಾಡಲಿಲ್ಲ. ಕೊಯಮತ್ತೂರಿನವರು ಅದನ್ನೇ ಕೇಳಿ ಮೇಲ್ ಮಾಡಿದರು. ಇಳಿಸುವ ಕೂಲಿ ನಮ್ಮದು, ಅದನ್ನು ಬೆಲೆಯಲ್ಲಿ ಸೇರಿಸಬೇಡಿ ಎಂದು, ಕೇಳಿದವರು ಯಾರು ಎಂದು ಹೇಳದೆ, ಎಲ್ಲರಿಗೂ ಉತ್ತರ ಕಳಿಸಿದೆ. ಗಡುವಿಗೆ ಎರಡು ದಿನ ಇರುವಾಗ ಎಲ್ಲರಿಗೂ ಒಂದು ನೆನಪೋಲೆಯನ್ನೂ ಕಳಿಸಿದೆ. ಅದೂ ಒಂದೇ ಥರ. ಭಾವನಿಗೆ ಒಂದು ಫೋನ್ ಮಾಡಿ 'ಕಳಿಸಿದಿರಾ?' ಎಂದು ಕೇಳಲು ಕೈ ತುರಿಸುತ್ತಿತ್ತು. ಆದರೆ ಮೈಸೂರಿನವರಿಗೆ ನಾನು ಫೋನ್ ಮಾಡುತ್ತೇನಾ? ಇಲ್ಲ. ಮತ್ತೆ ಇವರಿಗೆ ಮಾತ್ರ ಹೇಗೆ ಮಾಡಲಿ? ಕೈ ಕಟ್ಟಿಕೊಂಡು ಕೂತೆ.

ಗಡುವಿನ ದಿನ ಹನ್ನೊಂದಕ್ಕೆ ಬೋರ್ಡಿನವರು ಬಂದು ಕೂತರು. ಅಧ್ಯಕ್ಷರು ಕಚೇರಿಯ ಕಂಪ್ಯೂಟರಿನಲ್ಲಿ ಆ ಮೇಲ್ ತೆರೆದರು. ನಾಲ್ಕು ಉತ್ತರ. ಭಾವನದ್ದು ಇಲ್ಲ. ಇನ್ನೂ ಒಂದು ಸಲ ಕೆಳಗೆ ಮೇಲೆ ಎಳೆದು ನೋಡಿ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಅವರು ಒಂದೊಂದನ್ನೇ ಓದಿದರು, ನಾನು ಪಟ್ಟಿಗೆ ತುಂಬುತ್ತ ಹೋದೆ. ಕೊಚ್ಚಿಯವರ ಬೆಲೆ ಮೊದಲ ನೋಟಕ್ಕೆ ಎಲ್ಲಕ್ಕಿಂತ ಕಡಿಮೆ, ಆದರೆ ಬಾಡಿಗೆ ಬೇರೆ ಎಂದು ಕೆಳಗೆ ಸಣ್ಣದಾಗಿ ಬರೆದಿದ್ದರು. ಸೇರಿಸಿದರೆ ಮೇಲೆ ಹೋಯಿತು. ಮೈಸೂರಿನವರು ಅಚ್ಚಿನ ಖರ್ಚನ್ನೇ ಬಿಟ್ಟಿದ್ದರು. ಕೋಝಿಕ್ಕೋಡಿನವರು ಕಳಿಸಿದ್ದ ಮಾದರಿ ಚೀಲ ತೂಕಕ್ಕೆ ಬರಲಿಲ್ಲ. ಎಲ್ಲವನ್ನೂ ಒಂದೇ ಅಳತೆಗೆ ತಂದಾಗ ಕೊಯಮತ್ತೂರು ಮುಂದೆ ಬಂತು.

ಅಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮ ಕಡೆ ಅದೇನು ಹೊಸದಲ್ಲ. ನಾನು ಎದ್ದು ಕೆಳಗೆ ಹೋಗಿ, ಗೋಡೌನಿನ ಹಿಂದಿದ್ದ ಜನರೇಟರ್ ಹಾಕಿಸಿ ಬಂದೆ. ಫೋನ್ ಕೈಯಲ್ಲೇ ಇತ್ತು, ಮೆಟ್ಟಿಲು ಕತ್ತಲೆ ಎಂದು ಅದರ ಬೆಳಕು ಹಾಕಿಕೊಂಡಿದ್ದೆ. ಮೇಲೆ ಬಂದೆ. ಕಂಪ್ಯೂಟರ್ ಮತ್ತೆ ಹೊತ್ತಿಕೊಂಡಿತು, ನೆಟ್ ಬಂತು. ಐದನೆಯ ಮೇಲ್ ಕೂತಿತ್ತು.

ಭಾವನದ್ದು. ನಾನು ಕೇಳಿದ ಕ್ರಮದಲ್ಲೇ ಒಂದೂ ಬಿಡದೆ ಬರೆದಿದ್ದರು. ಬೆಲೆ ಕೊಯಮತ್ತೂರಿನದ್ದಕ್ಕಿಂತ ಸ್ವಲ್ಪ, ಬರೀ ಸ್ವಲ್ಪ, ಕಡಿಮೆ. ಮೇಲ್‌ನ ತಲೆಯಲ್ಲಿ ಹನ್ನೊಂದೂವರೆ ದಾಟಿದ ಹೊತ್ತು ಇತ್ತು.

ಆ ಮೆಣಸಿನ ನಿರ್ದೇಶಕರು ನನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದರು. ನನಗೆ ತಡೆಯಲಿಲ್ಲ. ಫೋನನ್ನು ಮೇಜಿನ ಮೇಲೆ ಕುಕ್ಕಿದೆ. 'ನೋಡಿ. ಯಾರು ಬೇಕಾದರೂ ನೋಡಿ. ಇವತ್ತಲ್ಲ, ಮೇಲ್ ಕಳಿಸಿದಾಗಿನಿಂದ ನಾನು ನನ್ನ ಭಾವನಿಗೆ ಒಂದು ಕರೆ ಮಾಡಿದ್ದರೆ, ಒಂದು ಮೆಸೇಜ್ ಹಾಕಿದ್ದರೆ, ಈ ಕೆಲಸ ಇವತ್ತೇ ಬಿಟ್ಟು ಹೋಗ್ತೀನಿ.'

ಅಧ್ಯಕ್ಷರು ಬೇಡ ಬೇಡ ಎಂದರು. ಆ ನಿರ್ದೇಶಕರು ಮಾತ್ರ ಕನ್ನಡಕ ಹಾಕಿಕೊಂಡು ನೋಡಿದರು. ಒಂದೂ ಇರಲಿಲ್ಲ. ಅವರು ಫೋನ್ ಹಿಂದಕ್ಕೆ ತಳ್ಳಿ, 'ಸರಿ, ನಿನ್ನದೇನಿಲ್ಲ' ಎಂದರು. ಆ ಹೊತ್ತಿಗೆ ನನಗೆ ಗೆದ್ದ ಹಾಗೆ ಆಗಿತ್ತು. ನಾಚಿಕೆಗೇಡು.

ಚರ್ಚೆ ನಡೆಯಿತು. ಕಂಪನಿಗೆ ಲಾಭ ಇದೆ, ಗೊತ್ತಿರುವ ಮನುಷ್ಯ, ತೆಗೆದುಕೊಳ್ಳೋಣ ಎಂದು ಒಬ್ಬಿಬ್ಬರು ಹೇಳಿದರು. ಅಧ್ಯಕ್ಷರು ಕೇಳಿದರು: 'ನಾಳೆ ಕೊಯಮತ್ತೂರಿನವನು ಕೇಳಿದರೆ ಏನು ಹೇಳೋದು? ಹೊತ್ತಿಗೆ ಸರಿಯಾಗಿ ಕಳಿಸಿದ್ದು ಅವನ ತಪ್ಪಾ?' ಆಮೇಲೆ ಅವರು ಮಗಳನ್ನು ಕರೆಯುವ ಹಾಗೆ ನನ್ನ ಕಡೆ ತಿರುಗಿದರು. 'ಮೋಳೆ, ಮೇಲ್ ಬರೆದವಳು ನೀನು. ನೀನೇನು ಹೇಳ್ತೀಯ?'

ಹೇಳಬೇಕಾಗಿರಲಿಲ್ಲ. ನನ್ನ ಸಂಬಂಧಿಕರು, ನನ್ನನ್ನು ಕೇಳಬೇಡಿ ಎನ್ನಬಹುದಿತ್ತು. ಆದರೆ ನನ್ನೊಳಗೆ ಆಗ ಕೊತಕೊತ ಕುದಿಯುತ್ತಿದ್ದ ಸಿಟ್ಟು ಆ ನಿರ್ದೇಶಕರ ಮೇಲಲ್ಲ, ಭಾವನ ಮೇಲೆ. ಎಲ್ಲರ ರೇಟು ಹೊರಬೀಳಲಿ ಎಂದು ಕಾದು, ಎಲ್ಲಿಂದಲೋ ಯಾರಿಂದಲೋ ತಿಳಿದುಕೊಂಡು, ಕೊನೆಯ ಮಾತು ತಮ್ಮದೇ ಆಗಲಿ ಎಂದು ಕಳಿಸಿದ್ದಾರೆ. ಹಾಗಲ್ಲದಿದ್ದರೆ ಆ ಬೆಲೆ ಅಷ್ಟು ಸರಿಯಾಗಿ ಒಂದು ಮೆಟ್ಟಿಲು ಕೆಳಗೆ ಹೇಗೆ ನಿಂತಿತು? ಬೇಡ ಬೇಡ ಎಂದು ಬಡಕೊಂಡರೂ ನನ್ನ ಮುಖಕ್ಕೆ ಮಸಿ ಬಳಿಯಲು ಹೊರಟರಲ್ಲ ಎಂದು.

'ಪರಿಗಣಿಸೋದಿಲ್ಲ ಅಂತ ಬರೆದಿದ್ದೀವಿ. ಪರಿಗಣಿಸೋದು ಬೇಡ' ಎಂದೆ. ನನ್ನ ಧ್ವನಿ ನಡುಗಲೂ ಇಲ್ಲ.

ಆಯ್ಕೆಯಾಗದ ಎಲ್ಲರಿಗೂ ಒಂದೇ ಥರ ಮೇಲ್ ಹೋಯಿತು. ಭಾಗವಹಿಸಿದ್ದಕ್ಕೆ ವಂದನೆ. ಭಾವನದ್ದಕ್ಕೆ ಮಾತ್ರ 'ಗಡುವಿನ ನಂತರ ತಲುಪಿದ್ದರಿಂದ' ಎಂಬ ಮಾತು ಸೇರಿಸಿದೆ. ಅದೂ ನಿಯಮದ ಪ್ರಕಾರವೇ. ಕೊಯಮತ್ತೂರಿನ ಚೀಲಗಳು ಹೇಳಿದ ದಿನಕ್ಕೆ ಬಂದವು. ಚೆನ್ನಾಗಿದ್ದವು. ಅಚ್ಚು ಸರಿಯಿತ್ತು, ವಾಸನೆ ಇರಲಿಲ್ಲ. ಎಲ್ಲ ಸರಿಯಾಗಿಯೇ ಇತ್ತು, ಏನು ಹೇಳಲಿ.

ಅಕ್ಕ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ನಮ್ಮಿಬ್ಬರ ಹಟವೂ ಒಂದೇ ಕಲ್ಲಿನಲ್ಲಿ ಕಡೆದದ್ದು. ತಪ್ಪು ಮಾಡಿದವರು ಅವರು, ಅವರೇ ಮೊದಲು ಬರಲಿ ಎಂದು ನಾನು ಕೂತೆ. ಆ ಸುಗ್ಗಿ ಮುಗಿಯುವ ಹೊತ್ತಿಗೆ ಭಾವನ ಅಂಗಡಿಯ ಬಾಗಿಲು ಅರ್ಧ ದಿನ ಮಾತ್ರ ತೆರೆದಿರುತ್ತಿತ್ತು. ಮುಂದಿನ ವರ್ಷದ ಮೇಲ್ ಅವರಿಗೂ ಕಳಿಸಿದೆ, ಉತ್ತರ ಬರಲಿಲ್ಲ. ಆಮೇಲೆ ಒಂದು ದಿನ ಬಸ್ಸಿನಿಂದ ಇಳಿದು ನೋಡಿದರೆ ಆ ಜಾಗದಲ್ಲಿ ಮೊಬೈಲ್ ರಿಪೇರಿಯವನು ಬೋರ್ಡ್ ಹಾಕುತ್ತಿದ್ದ. ಭಾವ ಮಾನಂದವಾಡಿಯಲ್ಲಿ ಬೇರೆ ಯಾರದೋ ಗೋಡೌನಿನಲ್ಲಿ ಲೆಕ್ಕ ಬರೆಯಲು ಸೇರಿದ್ದಾರೆ ಎಂದು ಪಕ್ಕದ ಚಪ್ಪಲಿ ಅಂಗಡಿಯವರು ಹೇಳಿದರು. ತಮ್ಮದೇ ಅಂಗಡಿಯ ಗಲ್ಲಾದಲ್ಲಿ ಕೂತಿದ್ದ ಮನುಷ್ಯ! ಕಚೇರಿಯ ಮೆಟ್ಟಿಲ ಬಳಿ ಸ್ವಲ್ಪ ನಿಂತೆ. ಆಮೇಲೆ ಹತ್ತಿದೆ.

ಕಾಟ್ಟಿಕುಳಂನಲ್ಲಿ ಭಾವ ಒಮ್ಮೊಮ್ಮೆ ಎದುರಾಗುತ್ತಿದ್ದರು. ಬಸ್ಸಿಗೆ ಕಾಯುವಾಗಲೋ, ಬ್ಯಾಂಕಿನ ಮುಂದೆಯೋ. ಮೊದಲ ಸಲ ಎದುರಾದಾಗ ನಾನು 'ಭಾವ' ಎಂದೆ, ಬಾಯಿ ತಪ್ಪಿ ಬಂದ ಹಾಗೆ. ಅವರು ಕೈ ಮುಗಿದರು. 'ಚೆನ್ನಾಗಿದ್ದೀರಾ ಮೇಡಂ?' ಎಂದರು. ಸುತ್ತ ಜನ ಇದ್ದರು. ಆ ಮೆಣಸಿನ ನಿರ್ದೇಶಕರೂ ಅಲ್ಲೇ ಇದ್ದರು. ಕೆನ್ನೆಗೆ ಹೊಡೆದ ಹಾಗಾಯಿತು. ಅಷ್ಟೊಂದು ಸೇಡಾ ಎಂದುಕೊಂಡೆ. ಆಮೇಲೆ ಯಾವಾಗ ಕಂಡರೂ ಅದೇ. 'ಬನ್ನಿ ಮೇಡಂ', 'ಬಸ್ ಹೋಯ್ತು ಮೇಡಂ'. ಒಂದು ಸಲವೂ ತಪ್ಪಲಿಲ್ಲ. ನಾನೂ ಮುಖ ಗಂಟು ಹಾಕಿಕೊಂಡು ತಲೆಯಾಡಿಸಿ ಹೋಗುತ್ತಿದ್ದೆ.

ಎರಡು ಮಳೆಗಾಲ ಹೀಗೇ ಹೋದವು. ಭಾವನಿಗೆ ಎದೆನೋವು ಬಂದು ಮಾನಂದವಾಡಿಯ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಗೊತ್ತಾದಾಗ ನಾನು ಕಚೇರಿಯಲ್ಲಿದ್ದೆ. ಅಧ್ಯಕ್ಷರೇ ತಮ್ಮ ಜೀಪಿನಲ್ಲಿ ಕರೆದುಕೊಂಡು ಹೋದರು. ಭಾವ ಮಂಚದ ಮೇಲೆ ಚಿಕ್ಕದಾಗಿ ಕಾಣುತ್ತಿದ್ದರು. ಅಕ್ಕ ನನ್ನನ್ನು ನೋಡಿ ಕಿಟಕಿಯ ಕಡೆ ತಿರುಗಿದಳು. ಹೇಳಬೇಕೆಂದು ಜೀಪಿನಲ್ಲಿ ಜೋಡಿಸಿಕೊಂಡು ಹೋಗಿದ್ದ ಮಾತು ಒಂದೂ ಬರಲಿಲ್ಲ. ಅವರ ಕಾಲಿನ ಬಳಿ ನಿಂತೆ. ಭಾವ ನನ್ನನ್ನು ನೋಡಿದರು, ನನ್ನ ಹಿಂದೆ ನಿಂತಿದ್ದ ಅಧ್ಯಕ್ಷರನ್ನು ನೋಡಿದರು. ಆಮೇಲೆ, 'ಹೊತ್ತು ಇಳೀತಾ ಬಂತು. ನಿಮ್ಮ ಊಟಕ್ಕೆ ತಡ ಆಗುತ್ತೆ ಮೇಡಂ, ಹೊರಡಿ' ಎಂದರು.

ನಾನು ಹೊರಟೆ. ಅವರು ಮೂರನೆಯ ದಿನ ಹೋಗಿಬಿಟ್ಟರು.

ಸಾವಿನ ಮನೆಯಲ್ಲಿ ಜನ ಇರುವ ತನಕ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಎಲ್ಲರೂ ಹೋದ ಮೇಲೆ ಒಂದು ಮಧ್ಯಾಹ್ನ ನಾನೇ ಹೋದೆ. ಅವಳು ಅಂಗಳದಲ್ಲಿ ಮೆಣಸು ಹರಡಿ ಕಾಲಿನಲ್ಲಿ ಆಡಿಸುತ್ತಿದ್ದಳು. ನಾನೂ ಚಪ್ಪಲಿ ಬಿಟ್ಟು ಪಕ್ಕದ ಸಾಲಿಗೆ ಇಳಿದೆ. ತುಂಬ ಹೊತ್ತು ಇಬ್ಬರೂ ಹಾಗೇ ನಡೆದೆವು. ಕೊನೆಗೆ ನನಗೆ ತಡೆಯಲಾಗಲಿಲ್ಲ. ಬಾಯಿ ಸುಮ್ಮನಿರುವ ಜಾತಿಯಲ್ಲವಲ್ಲ ನಂದು.

'ಅಕ್ಕ, ಹೊತ್ತಿಗೆ ಸರಿಯಾಗಿ ಕಳಿಸಿದ್ರೆ ಅವರಿಗೇ ಬರ್ತಿತ್ತು. ಯಾಕೆ ಕಾದ್ರು? ಬೇರೆಯವರ ರೇಟು ತಿಳ್ಕೊಳ್ಳೋಕೆ ಯಾಕೆ ಹೋದ್ರು?'

ಅಕ್ಕ ನಿಂತಳು.

'ಇಷ್ಟು ದಿನದಿಂದ ನೀನು ಹಂಗೆ ಅನ್ಕೊಂಡಿದ್ದೀಯಾ?'

ನಾನು ತಲೆಯಾಡಿಸಿದೆ.

'ನಿನ್ನ ಮೇಲ್ ಬಂದ ವಾರದಲ್ಲೇ ರೇಟು ಬರೆದಿಟ್ಟಿದ್ರು ಕಣೇ. ಕಲ್ಕತ್ತೆ ಮಿಲ್ಲಿನ ರೇಟು ಎಲ್ಲರಿಗೂ ಒಂದೇ, ಹೆಚ್ಚು ಕಮ್ಮಿ ಆದ್ರೂ ಒಂದೆರಡು ರೂಪಾಯಿ ಅಂದಿದ್ರು. ಪಕ್ಕದ ಮನೆ ಹುಡುಗಿ ಹತ್ರ ಇಂಗ್ಲೀಷ್ ಮಾಡಿಸಿ ಫೋನಲ್ಲಿ ರೆಡಿ ಮಾಡಿಟ್ಕೊಂಡಿದ್ರು. ಅಷ್ಟರಲ್ಲಿ ನೀನು ಬಂದು ಕೂಗಾಡಿ ಹೋದೆ. ಕಳಿಸೋದಾದ್ರೆ ಕಳಿಸಿ, ಇಲ್ಲಾಂದ್ರೆ ಬಿಡಿ ಅಂದೆ. ಅವತ್ತಿಂದ ಒಂದೇ ಯೋಚನೆ. ಕೂಸಿಗೆ ಯಾರೋ ಏನೋ ಅಂದಿದ್ದಾರೆ, ನಾನು ಕಳಿಸದೇ ಇರೋದೇ ಅವಳಿಗೆ ಬೇಕಾಗಿದೆಯೋ ಏನೋ, ಬಾಯಿಬಿಟ್ಟು ಹೇಳೋಕಾಗ್ತಿಲ್ಲ ಅಂತ. ಅವಳನ್ನೇ ಕೇಳಿ ಅಂತ ನಾನಂದ್ರೆ, ಮಾತಾಡ್ಬೇಡಿ ಅಂದಿದ್ದಾಳಲ್ಲ ಅಂದ್ರು. ನೀನು ಒಂದು ಫೋನ್ ಮಾಡಿ "ಕಳಿಸಿ ಭಾವ" ಅಂದ್ರೆ ಸಾಕಿತ್ತು. ಅದಕ್ಕೆ ಕಾದ್ರು.'

ನನಗೆ ಕೂರಬೇಕು ಅನ್ನಿಸಿತು. ಕೂತರೆ ಮೆಣಸಿನ ಮೇಲೇ ಕೂರಬೇಕಿತ್ತು.

'ಮತ್ತೆ ಅವತ್ತು ಕಳಿಸಿದ್ದು?'

'ಅವರಲ್ಲ. ಹನ್ನೊಂದಾಯ್ತು, ಬಿಡು ಅತ್ಲಾಗೆ, ಅವಳು ನೆಮ್ಮದಿಯಾಗಿರ್ಲಿ ಅಂತ ಫೋನ್ ಇಲ್ಲೇ ಬಿಟ್ಟು ತೋಟಕ್ಕೆ ಹೋದ್ರು. ನನ್ನ ಹೊಟ್ಟೆ ಉರೀತು. ಅಂಗಡಿ ಮುಚ್ಚಿದ್ರೆ ನಾವೇನು ತಿನ್ನೋದು? ನಾನೇ ತೆಗೆದು ಒತ್ತಿದೆ. ಸ್ವಲ್ಪ ತಡ ಆದ್ರೆ ತಂಗಿ ಇದ್ದಾಳಲ್ಲ ಅಂತ.'

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. 'ನಿನ್ನ ಮೇಲೆ ಜನ ಅನುಮಾನಪಟ್ರು ಅಂತ ಸಂಜೆ ಪೇಟೆಯಲ್ಲಿ ಕೇಳ್ಕೊಂಡು ಬಂದ್ರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಮೇಲೆ ಕೈ ಎತ್ತಿದ ಮನುಷ್ಯ ಅಲ್ಲ, ಅವತ್ತು ಎತ್ತಿದ್ರು. ಅಂಗಡಿ ಹೋಯ್ತು ಅಂತಲ್ಲ. ಕೂಸಿನ ಹೆಸರು ಕೆಡಿಸಿದ್ಯಲ್ಲೇ ಅಂತ.'

'ಅಷ್ಟಿದ್ದೋರು ನನ್ನನ್ನ ಮೇಡಂ ಅಂತ ಯಾಕಕ್ಕ ಕರೀತಿದ್ರು? ಕೊನೇ ದಿನ ಕೂಡ?' ಎಂದು ಕೇಳಿದೆ.

'ಜನರ ಮುಂದೆ ತಾನೇ ಕರೆದಿದ್ದು? ನಿಂಗೂ ಅವರಿಗೂ ಮಾತುಕತೆ ಏನಿಲ್ಲ, ವ್ಯವಹಾರ ಏನಿಲ್ಲ ಅಂತ ಎಲ್ಲರಿಗೂ ಕಾಣ್ಲಿ ಅಂತ. ಇಲ್ಲಾಂದ್ರೆ ಅವಳ ಕೆಲಸಕ್ಕೆ ಕುತ್ತು ಅಂತಿದ್ರು. ಮನೆಗೆ ನೀನು ಬಂದಿದ್ರೆ ಕೂಸೇ ಅಂತಿದ್ರು. ನೀನು ಬರಲಿಲ್ಲ.'